ಕುಂಡ ಬದಲಿಸಿದ ಗಿಡಕ್ಕೆ ಮೊದಲ ಗೊಬ್ಬರ ಯಾವಾಗ ಕೊಡಬೇಕು?

ನಿಪ್ಪಾಣಿ ತಾಲ್ಲೂಕಿನ ಬೋರಗಾಂವ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆಯಂಗಳ ಮತ್ತು ಮಾಳಿಗೆಯ ಮೇಲೆ ಕುಂಡಗಳಲ್ಲಿ ದಾಸವಾಳ, ಗುಲಾಬಿ, ಮಲ್ಲಿಗೆ, ಕರಿಬೇವು, ನಿಂಬೆ ಮುಂತಾದ ಗಿಡಗಳನ್ನು ಬೆಳೆಸುವುದು ಸಾಮಾನ್ಯವಾಗಿದೆ. ಸಸ್ಯಾಗಾರದಿಂದ ತಂದ ಗಿಡವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕುಂಡಕ್ಕೆ ಬದಲಿಸಿದ ದಿನವೇ ಅಥವಾ ಆ ವಾರದಲ್ಲಿಯೇ ಒಂದು ಚಮಚ ಯೂರಿಯಾ ಇಲ್ಲವೇ ಡಿಎಪಿ ಹಾಕುವ ರೂಢಿಯೂ ಅಷ್ಟೇ ಸಾಮಾನ್ಯ. ಹೊಸ ಜಾಗಕ್ಕೆ ಬಂದ ಗಿಡಕ್ಕೆ ಶಕ್ತಿ ಬೇಕು ಎಂಬುದು ಇದರ ಹಿಂದಿನ ಆಲೋಚನೆ. ಆದರೆ ಕುಂಡ ಬದಲಿಸಿದ ಬಳಿಕ ಎರಡು ವಾರಗಳೊಳಗೆ ಸಾಯುವ ಗಿಡಗಳಲ್ಲಿ ಅನೇಕವು ಹಸಿವಿನಿಂದ ಸಾಯುವುದಿಲ್ಲ, ಹೀಗೆ ಅಕಾಲದಲ್ಲಿ ಕೊಟ್ಟ ಗೊಬ್ಬರದಿಂದ ಸಾಯುತ್ತವೆ. ಇದಕ್ಕೆ ಕಾರಣವೇನು, ಬೇರು ಹಿಡಿದುದನ್ನು ಗುರುತಿಸುವುದು ಹೇಗೆ, ಮೊದಲ ಗೊಬ್ಬರವನ್ನು ಎಷ್ಟು ಪ್ರಮಾಣದಲ್ಲಿ ಮತ್ತು ಯಾವಾಗ ಕೊಡಬೇಕು ಎಂಬುದನ್ನು ದಾಸವಾಳ ಗಿಡದ ಉದಾಹರಣೆಯೊಂದಿಗೆ ಈ ಲೇಖನದಲ್ಲಿ ವಿವರಿಸಲಾಗಿದೆ.

ಕುಂಡ ಬದಲಿಸಿದಾಗ ಬೇರಿಗೆ ಏನಾಗುತ್ತದೆ?

ಗಿಡವು ನೀರು ಮತ್ತು ಪೋಷಕಾಂಶಗಳನ್ನು ಹೀರುವುದು ಕಣ್ಣಿಗೆ ಕಾಣುವ ದಪ್ಪ ಬೇರುಗಳಿಂದಲ್ಲ. ದಪ್ಪ ಬೇರುಗಳು ಗಿಡವನ್ನು ಹಿಡಿದು ನಿಲ್ಲಿಸುತ್ತವೆ ಮತ್ತು ಹೀರಿದ ನೀರನ್ನು ಮೇಲಕ್ಕೆ ಸಾಗಿಸುತ್ತವೆ. ಹೀರುವ ಕೆಲಸವು ಎಳೆಯ ಬೇರುಗಳ ತುದಿಯ ಹಿಂಭಾಗದಲ್ಲಿರುವ ಸೂಕ್ಷ್ಮ ಬೇರುರೋಮಗಳಿಂದ ನಡೆಯುತ್ತದೆ. ಈ ರೋಮಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತವೆ. ಚೀಲ ಹರಿದು ಗಿಡವನ್ನು ಎತ್ತಿದಾಗ, ಸುತ್ತಿಕೊಂಡ ಬೇರುಗಳನ್ನು ಬಿಡಿಸಿದಾಗ, ಹಳೆಯ ಮಣ್ಣನ್ನು ಉದುರಿಸಿದಾಗ ಇವು ಮಣ್ಣಿನೊಂದಿಗೆ ಕಿತ್ತು ಹೋಗುತ್ತವೆ ಅಥವಾ ಗಾಳಿಗೆ ಕೆಲವೇ ನಿಮಿಷಗಳಲ್ಲಿ ಒಣಗುತ್ತವೆ. ಎಷ್ಟೇ ಎಚ್ಚರಿಕೆ ವಹಿಸಿದರೂ ಸ್ವಲ್ಪ ಹಾನಿಯನ್ನು ತಪ್ಪಿಸಲಾಗದು.

ಹೀಗಾಗಿ ಕುಂಡ ಬದಲಿಸಿದ ಗಿಡದ ಮೇಲ್ಭಾಗ ಮೊದಲಿನಷ್ಟೇ ಇರುತ್ತದೆ, ಕೆಳಗಿನ ಹೀರುವ ಶಕ್ತಿ ಮಾತ್ರ ಕುಗ್ಗಿರುತ್ತದೆ. ಎಲೆಗಳಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ. ಅದನ್ನು ತುಂಬಿಕೊಡಲು ಬೇರಿಗೆ ಸಾಧ್ಯವಾಗದು. ಮೊದಲ ಕೆಲವು ದಿನ ಮಧ್ಯಾಹ್ನದ ವೇಳೆಗೆ ಎಲೆಗಳು ಜೋಲುವುದು ಇದೇ ಕಾರಣದಿಂದ. ಈ ಹಂತದಲ್ಲಿ ಗಿಡದ ಕೊರತೆ ನೀರಿನದೇ ಹೊರತು ಪೋಷಕಾಂಶದ್ದಲ್ಲ. ಹೀರುವ ಅಂಗವೇ ಇಲ್ಲದಿರುವಾಗ ಪೋಷಕಾಂಶವನ್ನು ಮಣ್ಣಿಗೆ ಸೇರಿಸಿದರೆ ಅದು ಗಿಡಕ್ಕೆ ತಲುಪುವುದಿಲ್ಲ, ಮಣ್ಣಿನಲ್ಲಿ ಉಪ್ಪಾಗಿ ಉಳಿಯುತ್ತದೆ.

ಗೊಬ್ಬರವು ಬೇರನ್ನು ಸುಡುವುದು ಹೇಗೆ?

ಗೊಬ್ಬರ ಸುಟ್ಟಿತು ಎಂದು ಜನರು ಹೇಳುವ ಮಾತು ಸರಿಯಾದದ್ದೇ. ಆದರೆ ಅಲ್ಲಿ ನಡೆಯುವುದು ಬೆಂಕಿಯ ಸುಡುವಿಕೆಯಲ್ಲ, ನೀರಿನ ಕಳವು. ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ರೈತರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಅತಿಯಾದ ನೀರಾವರಿಯಿಂದ ಸವಳು-ಜವಳಾದ ಹೊಲದಲ್ಲಿ ಮಣ್ಣು ಹಸಿಯಾಗಿದ್ದರೂ ಕಬ್ಬು ಒಣಗಿದಂತೆ ಕಾಣುವುದನ್ನು ಎಲ್ಲರೂ ಕಂಡಿದ್ದಾರೆ. ಮಣ್ಣಿನ ದ್ರಾವಣದಲ್ಲಿ ಲವಣ ಹೆಚ್ಚಿದಾಗ ನೀರು ಬೇರಿನೊಳಗೆ ಸುಲಭವಾಗಿ ಸೇರುವುದಿಲ್ಲ. ಲವಣ ಇನ್ನೂ ಹೆಚ್ಚಾದರೆ ಬೇರಿನ ಜೀವಕೋಶಗಳಿಂದಲೇ ನೀರು ಹೊರಗೆ ಹರಿಯುತ್ತದೆ. ರಾಸಾಯನಿಕ ಗೊಬ್ಬರಗಳೂ ಲವಣಗಳೇ. ಯೂರಿಯಾ ಸ್ವತಃ ಲವಣವಲ್ಲದಿದ್ದರೂ ಮಣ್ಣಿನಲ್ಲಿ ಬೇಗನೆ ವಿಭಜನೆಗೊಂಡು ಅಮೋನಿಯಾ ಬಿಡುಗಡೆ ಮಾಡುತ್ತದೆ. ಸಣ್ಣ ಕುಂಡದಲ್ಲಿ ಒಂದೆಡೆ ಸೇರಿದ ಅಮೋನಿಯಾ ಎಳೆಯ ಬೇರಿಗೆ ನೇರವಾದ ವಿಷ. ಗಾಯವಿಲ್ಲದ ಬೇರು ಇದನ್ನು ಒಂದು ಮಿತಿಯವರೆಗೆ ತಡೆದುಕೊಳ್ಳಬಲ್ಲದು. ಕತ್ತರಿಸಿದ, ಹರಿದ ಬೇರಿಗೆ ಆ ರಕ್ಷಣೆ ಇರುವುದಿಲ್ಲ.

"ಹೊಲದಲ್ಲಿ ನಾಟಿಗೆ ಮುನ್ನವೇ ತಳಗೊಬ್ಬರ ಹಾಕುತ್ತೇವೆ, ಬೆಳೆ ಸಾಯುವುದಿಲ್ಲವಲ್ಲ" ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಬರುತ್ತದೆ. ಉತ್ತರ ಮಣ್ಣಿನ ಪ್ರಮಾಣದಲ್ಲಿದೆ. ಒಂದು ಎಕರೆ ಹೊಲದ ಮೇಲಿನ 15 ಸೆಂ.ಮೀ. ಪದರದಲ್ಲಿ ಸುಮಾರು 8 ಲಕ್ಷ ಕೆ.ಜಿ. ಮಣ್ಣು ಇರುತ್ತದೆ. 45 ಕೆ.ಜಿ. ತೂಕದ ಒಂದು ಚೀಲ ಯೂರಿಯಾವನ್ನು ಆ ಮಣ್ಣಿಗೆ ಹಂಚಿದರೆ ಪ್ರತಿ ಕೆ.ಜಿ. ಮಣ್ಣಿಗೆ ಸುಮಾರು 56 ಮಿಲಿಗ್ರಾಂ ಬರುತ್ತದೆ. 10 ಇಂಚಿನ ಕುಂಡದಲ್ಲಿ ಇರುವುದು ಸುಮಾರು 8 ಕೆ.ಜಿ. ಮಿಶ್ರಣ ಮಾತ್ರ. ಅದಕ್ಕೆ ತುಂಬಿದ ಒಂದು ಚಹಾ ಚಮಚ, ಎಂದರೆ ಸುಮಾರು 5 ಗ್ರಾಂ ಯೂರಿಯಾ ಹಾಕಿದರೆ ಪ್ರತಿ ಕೆ.ಜಿ.ಗೆ 600 ಮಿಲಿಗ್ರಾಂಗಿಂತಲೂ ಹೆಚ್ಚಾಗುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಕುಂಡಕ್ಕೆ ಹಾಕಿದ ಒಂದು ಚಮಚ ಯೂರಿಯಾವು ಒಂದು ಎಕರೆಗೆ 10 ಚೀಲಕ್ಕಿಂತ ಹೆಚ್ಚು ಯೂರಿಯಾ ಎರಚಿದುದಕ್ಕೆ ಸಮ. ಯಾವ ರೈತರೂ ತಮ್ಮ ಹೊಲದಲ್ಲಿ ಹಾಗೆ ಮಾಡಲಾರರು. ಇದಲ್ಲದೆ ಹೊಲದಲ್ಲಿ ಬೇರು ಲವಣದಿಂದ ದೂರ ಸರಿದು ಬೆಳೆಯಬಲ್ಲದು, ಕುಂಡದಲ್ಲಿ ಅದಕ್ಕೆ ಹೋಗಲು ಬೇರೆ ಸ್ಥಳವಿಲ್ಲ.

ಹೊಲದ ರೂಢಿಯಲ್ಲಿಯೂ ಇದೇ ತಿಳಿವಳಿಕೆ ಅಡಗಿದೆ. ಮೆಣಸಿನಕಾಯಿ ಅಥವಾ ತಂಬಾಕಿನ ಸಸಿ ನಾಟಿ ಮಾಡಿದ ರೈತರು ಮೊದಲು ಸಸಿ ಹಿಡಿಯುವುದನ್ನು ಕಾಯುತ್ತಾರೆ, ಹಿಡಿಯದ ಕಡೆ ಮರುನಾಟಿ ಮಾಡುತ್ತಾರೆ, ಅನಂತರವೇ ಮೇಲುಗೊಬ್ಬರದ ವಿಚಾರ ಮಾಡುತ್ತಾರೆ. ಕುಂಡದ ಗಿಡಕ್ಕೂ ಅದೇ ಕ್ರಮ ಅನ್ವಯಿಸುತ್ತದೆ.

ಸಾವಯವ ಗೊಬ್ಬರವಾದರೆ ಹಾನಿಯಿಲ್ಲವೇ?

ಪೂರ್ಣವಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಕುಂಡದ ಮಿಶ್ರಣದಲ್ಲಿ ನಾಲ್ಕನೆಯ ಒಂದು ಭಾಗದವರೆಗೆ ಸೇರಿಸಿದರೆ ಹಾನಿಯಿಲ್ಲ. ಅದು ಮಿಶ್ರಣವನ್ನು ಸಡಿಲವಾಗಿಯೂ ಇಡುತ್ತದೆ. ಆದರೆ ಹಸಿ ಸಗಣಿ, ಅರ್ಧ ಕಳಿತ ತಿಪ್ಪೆಗೊಬ್ಬರ, ಸಕ್ಕರೆ ಕಾರ್ಖಾನೆಯಿಂದ ನೇರವಾಗಿ ತಂದ ತಾಜಾ ಪ್ರೆಸ್ ಮಡ್ ಇವು ಕುಂಡದೊಳಗೇ ಕಳಿಯಲಾರಂಭಿಸುತ್ತವೆ. ಆಗ ಶಾಖ ಮತ್ತು ಅಮೋನಿಯಾ ಹೊರಬರುತ್ತವೆ, ಬೇರಿಗೆ ಬೇಕಾದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಳಸಿಕೊಳ್ಳುತ್ತವೆ. ಶೇಂಗಾ ಹಿಂಡಿಯನ್ನು ನೆನೆಸಿ ಕೊಳೆಸಿದ ನೀರಿನ ವಿಷಯವೂ ಹೀಗೆಯೇ. ಬೇರು ಹಿಡಿದ ಗಿಡಕ್ಕೆ ಚೆನ್ನಾಗಿ ತೆಳುಗೊಳಿಸಿ ಕೊಟ್ಟಾಗ ಅದು ಒಳ್ಳೆಯ ಪೋಷಣೆ, ಗಾಯಗೊಂಡ ಬೇರಿಗೆ ಅದು ಕೊಳೆಯುವ ದ್ರವ. ಆದುದರಿಂದ ಕಾಯುವ ನಿಯಮವು ರಾಸಾಯನಿಕ ಮತ್ತು ಸಾವಯವ ಎರಡಕ್ಕೂ ಅನ್ವಯಿಸುತ್ತದೆ.

ಕಾಯುವ ಅವಧಿಯಲ್ಲಿ ಗಿಡ ಹಸಿದಿರುತ್ತದೆಯೇ ಎಂಬ ಆತಂಕ ಬೇಡ. 10 ಇಂಚಿನ ಕುಂಡದ ಮಿಶ್ರಣದಲ್ಲಿ ನಾಲ್ಕನೆಯ ಒಂದು ಭಾಗ ಎರೆಹುಳು ಗೊಬ್ಬರವಿದ್ದರೆ ಅದರ ತೂಕ ಸುಮಾರು 1 ಕೆ.ಜಿ. ಆಗುತ್ತದೆ. ಅದರಲ್ಲಿ ಸುಮಾರು 10 ಗ್ರಾಂ ಸಾರಜನಕವಿರುತ್ತದೆ. ಅದು ಒಮ್ಮೆಲೇ ಬಿಡುಗಡೆಯಾಗದೆ ತಿಂಗಳುಗಟ್ಟಲೆ ನಿಧಾನವಾಗಿ ದೊರೆಯುತ್ತದೆ. ಹೊಸ ಬೇರು ಮೂಡಿಸುತ್ತಿರುವ ಗಿಡದ ಅಲ್ಪ ಅಗತ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು.

ಒಂದು ಉದಾಹರಣೆ: ಬೋರಗಾಂವದಲ್ಲಿ ದಾಸವಾಳ ಗಿಡ

6 ಇಂಚಿನ ಚೀಲದಲ್ಲಿ ತಂದ ದಾಸವಾಳ ಗಿಡವನ್ನು ಜೂನ್ 20ರಂದು 10 ಇಂಚಿನ ಕುಂಡಕ್ಕೆ ಬದಲಿಸುವುದೆಂದು ಇಟ್ಟುಕೊಳ್ಳೋಣ. ಮಳೆಗಾಲದ ಆರಂಭ ಇದಕ್ಕೆ ಅತ್ಯಂತ ಸೂಕ್ತ ಸಮಯ. ಬೇಸಿಗೆಯ ಬಿಸಿಲು ಇಳಿದಿರುತ್ತದೆ, ಗಾಳಿಯಲ್ಲಿ ತೇವವಿರುವುದರಿಂದ ಎಲೆಗಳಿಂದ ಆವಿಯಾಗುವ ನೀರು ಕಡಿಮೆ, ಮಣ್ಣು ಬೆಚ್ಚಗಿರುವುದರಿಂದ ಹೊಸ ಬೇರು ಬೇಗ ಮೂಡುತ್ತದೆ.

ಮಿಶ್ರಣದ ವಿಷಯದಲ್ಲಿ ಈ ಭಾಗದವರು ವಿಶೇಷ ಗಮನ ನೀಡಬೇಕು. ದೂಧಗಂಗಾ ತೀರದ ಎರೆ ಮಣ್ಣು ಕಬ್ಬಿಗೆ ಉತ್ತಮವಾದರೂ ಅದನ್ನೇ ಕುಂಡಕ್ಕೆ ತುಂಬುವುದು ಸರಿಯಲ್ಲ. ಒದ್ದೆಯಾದಾಗ ಅದು ಉಬ್ಬಿ ಗಾಳಿಯಾಡದಂತೆ ಬಿಗಿಯುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಎರೆ ಮಣ್ಣು, ಮಸಾರಿ ಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ತಲಾ ಒಂದು ಭಾಗದಂತೆ ಬೆರೆಸಿದರೆ ಸಾಕು. ಇದಕ್ಕೆ ಯೂರಿಯಾ, ಡಿಎಪಿ, ಸಂಯುಕ್ತ ಗೊಬ್ಬರ ಯಾವುದನ್ನೂ ಸೇರಿಸಬಾರದು.

ಸಂಜೆಯ ಹೊತ್ತಿನಲ್ಲಿ ಗಿಡವನ್ನು ಬದಲಿಸಿ, ಕುಂಡದ ತಳದ ರಂಧ್ರದಿಂದ ನೀರು ಹರಿಯುವವರೆಗೆ ನಿಧಾನವಾಗಿ ನೀರು ಕೊಡಬೇಕು. ಇದರಿಂದ ಮಣ್ಣು ಬೇರಿಗೆ ಅಂಟಿಕೊಂಡು ನಡುವಿನ ಗಾಳಿಯ ಪೊಳ್ಳುಗಳು ಮುಚ್ಚುತ್ತವೆ. ಬಳಿಕ ಕುಂಡವನ್ನು ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ 8ರಿಂದ 10 ದಿನ ಇಡಬೇಕು. ಮುಂದಿನ ನೀರನ್ನು ಮೇಲಿನ ಒಂದು ಇಂಚು ಮಣ್ಣು ಬೆರಳಿಗೆ ಒಣಗಿದಂತೆ ತಿಳಿದಾಗಲಷ್ಟೇ ಕೊಡಬೇಕು. ಗಿಡ ಜೋತಿದೆ ಎಂದು ದಿನವೂ ನೀರು ಸುರಿದರೆ ಗಾಯಗೊಂಡ ಬೇರು ಕೊಳೆಯುತ್ತದೆ.

ಮೊದಲ ವಾರದಲ್ಲಿ ಕೆಳಗಿನ ಮೂರು ನಾಲ್ಕು ಹಳೆಯ ಎಲೆಗಳು ಹಳದಿಯಾಗಿ ಉದುರಬಹುದು, ಮೊಗ್ಗುಗಳಿದ್ದರೆ ಅವೂ ಉದುರಬಹುದು. ಗೊಬ್ಬರ ಹಾಕುವ ಆತುರ ಉಂಟಾಗುವುದು ಈ ಹೊತ್ತಿನಲ್ಲಿಯೇ. ಆದರೆ ಇದು ಕೊರತೆಯ ಲಕ್ಷಣವಲ್ಲ. ಹೀರುವ ಶಕ್ತಿಗೆ ತಕ್ಕಂತೆ ಗಿಡ ತನ್ನ ಎಲೆಗಳ ಭಾರವನ್ನು ತಾನೇ ಇಳಿಸಿಕೊಳ್ಳುತ್ತಿದೆ. ತುದಿಯ ಕುಡಿ ಹಸಿರಾಗಿ ಗಟ್ಟಿಯಾಗಿದ್ದರೆ ಚಿಂತೆಗೆ ಕಾರಣವಿಲ್ಲ.

ಎರಡರಿಂದ ಮೂರು ವಾರಗಳಲ್ಲಿ ಹೊಸ ಚಿಗುರು ಕಾಣಿಸಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊದಲ ಚಿಗುರು ಬೇರು ಹಿಡಿದುದಕ್ಕೆ ಖಚಿತ ಸಾಕ್ಷಿಯಲ್ಲ. ಕಾಂಡದಲ್ಲಿ ಸಂಗ್ರಹವಾದ ಆಹಾರದಿಂದಲೂ ಗಿಡ ಒಂದೆರಡು ಸಣ್ಣ ಎಲೆಗಳನ್ನು ಬಿಡಬಲ್ಲದು. ಆ ಚಿಗುರನ್ನು ನಂಬಿ ಸಾರಜನಕ ಕೊಟ್ಟರೆ ಬೇರು ಬೆಳೆಯಬೇಕಾದ ಕಾಲದಲ್ಲಿ ಎಲೆಗಳು ಬೆಳೆದು, ಮೊದಲ ಬಿಸಿಲಿನ ದಿನವೇ ಇಡೀ ಗಿಡ ಜೋಲುತ್ತದೆ.

ಬೇರು ಹಿಡಿದುದನ್ನು ಗುರುತಿಸುವ ಬಗೆ

ಗಿಡವನ್ನು ಕಿತ್ತು ನೋಡದೆ ಬೇರಿನ ಸ್ಥಿತಿಯನ್ನು ಅರಿಯಲು ಮೂರು ಸರಳ ಪರೀಕ್ಷೆಗಳಿವೆ. ಇವುಗಳಲ್ಲಿ ಕನಿಷ್ಠ ಎರಡು ಅನುಕೂಲಕರವಾಗಿದ್ದರೆ ಮಾತ್ರ ಗೊಬ್ಬರಕ್ಕೆ ಮುಂದಾಗಬೇಕು.

ಮೊದಲನೆಯದು ಮಧ್ಯಾಹ್ನದ ಪರೀಕ್ಷೆ. ಮಣ್ಣಿನಲ್ಲಿ ತೇವವಿರುವಾಗ ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಎಲೆಗಳನ್ನು ಗಮನಿಸಿ. ಅವು ಜೋಲದೆ ನಿಂತಿದ್ದರೆ ಬೇರು ಎಲೆಯ ಬೇಡಿಕೆಗೆ ಸಮನಾಗಿ ನೀರು ಪೂರೈಸುತ್ತಿದೆ ಎಂದರ್ಥ. ಸತತ ಮೂರು ನಾಲ್ಕು ಬಿಸಿಲಿನ ದಿನ ಹೀಗೆಯೇ ಇರಬೇಕು. ಮೋಡ ಕವಿದ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ.

ಎರಡನೆಯದು ಕುಂಡ ಒಣಗುವ ವೇಗ. ಕುಂಡ ಬದಲಿಸಿದ ಹೊಸದರಲ್ಲಿ ಮಿಶ್ರಣ ನಾಲ್ಕೈದು ದಿನ ತೇವವಾಗಿಯೇ ಉಳಿಯುತ್ತದೆ, ಏಕೆಂದರೆ ನೀರು ಹೀರುವವರಿಲ್ಲ. ಬೇರು ಹರಡಿದಂತೆ ಅದೇ ಹವಾಮಾನದಲ್ಲಿ ಅದೇ ಕುಂಡ ಎರಡು ಮೂರು ದಿನಕ್ಕೇ ಒಣಗತೊಡಗುತ್ತದೆ. ಕುಂಡವನ್ನು ಎತ್ತಿ ನೋಡಿದರೆ ತೂಕದಲ್ಲಿಯೇ ಇದು ತಿಳಿಯುತ್ತದೆ. ಮಳೆ ಬೀಳುವ ಕಡೆ ಇಟ್ಟ ಕುಂಡಕ್ಕೆ ಈ ಪರೀಕ್ಷೆ ಅನ್ವಯಿಸದು, ಆದುದರಿಂದ ಪರೀಕ್ಷಿಸುವ ದಿನಗಳಲ್ಲಿ ಅದನ್ನು ಸೂರಿನಡಿ ಇಡುವುದು ಸೂಕ್ತ.

ಮೂರನೆಯದು ಹೊಸ ಎಲೆಯ ಗಾತ್ರ. ಕುಂಡ ಬದಲಿಸಿದ ಬಳಿಕ ಮೂಡಿದ ಎಲೆಗಳಲ್ಲಿ ಎರಡು ಮೂರು ಎಲೆಗಳಾದರೂ ಹಳೆಯ ಎಲೆಗಳಷ್ಟು ದೊಡ್ಡದಾಗಿ ಪೂರ್ಣ ಬಿಚ್ಚಿಕೊಂಡಿರಬೇಕು, ಅವುಗಳ ನಡುವೆ ಕಾಂಡವೂ ಉದ್ದವಾಗಿರಬೇಕು. ಸಂಗ್ರಹಿತ ಆಹಾರದಿಂದ ಬಂದ ಎಲೆಗಳು ಸಣ್ಣದಾಗಿ ಗುಂಪಾಗಿ ನಿಲ್ಲುತ್ತವೆ, ಬೇರಿನ ಬಲದಿಂದ ಬಂದವು ಗಾತ್ರದಲ್ಲಿ ಬೆಳೆಯುತ್ತವೆ.

ಇವಲ್ಲದೆ ಬುಡವನ್ನು ಹಿಡಿದು ಅತಿ ಮೃದುವಾಗಿ ಅಲುಗಿಸಿದಾಗ ಗಿಡ ಮಣ್ಣಿನೊಂದಿಗೆ ಗಟ್ಟಿಯಾಗಿ ನಿಂತಿರುವುದು, ತಳದ ರಂಧ್ರದಲ್ಲಿ ಬಿಳಿಯ ಬೇರು ತುದಿ ಕಾಣುವುದು ಇವೂ ಒಳ್ಳೆಯ ಸೂಚನೆಗಳು. ಆದರೆ ಪದೇ ಪದೇ ಎಳೆದು ನೋಡುವುದು ಹೊಸ ಬೇರನ್ನು ಮತ್ತೆ ಹರಿಯುತ್ತದೆ.

ನಮ್ಮ ಉದಾಹರಣೆಯ ದಾಸವಾಳ ಗಿಡ ಸಾಮಾನ್ಯವಾಗಿ 5ರಿಂದ 6 ವಾರಗಳಲ್ಲಿ, ಎಂದರೆ ಜುಲೈ ಕೊನೆಯ ವಾರ ಅಥವಾ ಆಗಸ್ಟ್ ಮೊದಲ ದಿನಗಳಲ್ಲಿ ಈ ಹಂತವನ್ನು ತಲುಪುತ್ತದೆ.

ಅವಧಿ ಹೆಚ್ಚು ಕಡಿಮೆಯಾಗುವ ಸಂದರ್ಭಗಳು

ಬೇರಿಗೆ ಆದ ಗಾಯದ ಪ್ರಮಾಣವೇ ಕಾಯುವ ಅವಧಿಯನ್ನು ನಿರ್ಧರಿಸುತ್ತದೆ. ಮಣ್ಣಿನ ಹೆಂಟೆ ಒಡೆಯದಂತೆ ಗಿಡವನ್ನು ಇದ್ದ ಹಾಗೆಯೇ ದೊಡ್ಡ ಕುಂಡಕ್ಕೆ ಸರಿಸಿದ್ದರೆ 3ರಿಂದ 4 ವಾರ ಸಾಕು. ಸುತ್ತಿದ ಬೇರುಗಳನ್ನು ಬಿಡಿಸಿ ಸ್ವಲ್ಪ ಕತ್ತರಿಸಿದ್ದರೆ 5ರಿಂದ 6 ವಾರ ಬೇಕು. ಹಳೆಯ ಮಣ್ಣನ್ನೆಲ್ಲ ತೊಳೆದು ಬರಿ ಬೇರಿನಿಂದ ನೆಟ್ಟಿದ್ದರೆ ಅಥವಾ ಕೊಳೆತ ಬೇರುಗಳನ್ನು ಕತ್ತರಿಸಿ ತೆಗೆದಿದ್ದರೆ 8 ವಾರಗಳವರೆಗೂ ಕಾಯಬೇಕಾಗುತ್ತದೆ. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಬೇರಿನ ಬೆಳವಣಿಗೆ ಮಂದವಾಗುವುದರಿಂದ ಇನ್ನೂ ಎರಡು ಮೂರು ವಾರ ಸೇರಿಸುವುದು ಒಳ್ಳೆಯದು. ಈ ಲೆಕ್ಕಗಳೆಲ್ಲ ಮಾರ್ಗಸೂಚಿ ಮಾತ್ರ. ದಿನದ ಲೆಕ್ಕಕ್ಕೂ ಗಿಡದ ಲಕ್ಷಣಕ್ಕೂ ಹೊಂದಿಕೆಯಾಗದಿದ್ದಾಗ ಗಿಡದ ಲಕ್ಷಣವನ್ನೇ ನಂಬಬೇಕು.

ಈ ನಿಯಮಕ್ಕೆ ಒಂದು ಮುಖ್ಯ ಅಪವಾದವಿದೆ. ಮಣ್ಣು ಮತ್ತು ಕಳಿತ ಗೊಬ್ಬರವಿಲ್ಲದೆ ಬರಿಯ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟ ಗಿಡಕ್ಕೆ ಮಾಧ್ಯಮದಿಂದ ದೊರೆಯುವ ಪೋಷಕಾಂಶ ಅತ್ಯಲ್ಪ. ಅಲ್ಲಿ ಆರು ವಾರ ಕಾದರೆ ಗಿಡ ನಿಜವಾಗಿಯೂ ಹಸಿಯುತ್ತದೆ. ಅಂತಹ ಗಿಡಕ್ಕೆ 2ರಿಂದ 3 ವಾರಗಳ ಬಳಿಕ, ಎಲೆಗಳು ಜೋಲುವುದು ನಿಂತೊಡನೆ, ಮುಂದೆ ಹೇಳಿರುವ ತೆಳು ದ್ರಾವಣವನ್ನು ಆರಂಭಿಸಬಹುದು.

ಮೊದಲ ಗೊಬ್ಬರ ಕೊಡುವ ವಿಧಾನ

ಮೊದಲ ಗೊಬ್ಬರ ಅತಿ ತೆಳುವಾಗಿರಬೇಕು ಮತ್ತು ದ್ರಾವಣ ರೂಪದಲ್ಲಿರಬೇಕು. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಪ್ರತಿ ಲೀಟರ್ ನೀರಿಗೆ ಅರ್ಧ ಗ್ರಾಂ ಪ್ರಮಾಣದಲ್ಲಿ ಬಳಸುವುದು ಸುರಕ್ಷಿತ. ಮನೆಯಲ್ಲಿ ಅರ್ಧ ಗ್ರಾಂ ತೂಗುವುದು ಕಷ್ಟವಾದುದರಿಂದ ಸಮತಟ್ಟಾಗಿ ತುಂಬಿದ ಒಂದು ಚಹಾ ಚಮಚವನ್ನು, ಎಂದರೆ ಸುಮಾರು 5 ಗ್ರಾಂ ಗೊಬ್ಬರವನ್ನು, 10 ಲೀಟರಿನ ಒಂದು ಬಕೆಟ್ ನೀರಿನಲ್ಲಿ ಕರಗಿಸಿದರೆ ಲೆಕ್ಕ ಸರಿಹೋಗುತ್ತದೆ. 10 ಇಂಚಿನ ಒಂದು ಕುಂಡಕ್ಕೆ ಅರ್ಧ ಲೀಟರ್ ದ್ರಾವಣ ಸಾಕು, ಹೀಗಾಗಿ ಒಂದು ಬಕೆಟ್ 20 ಕುಂಡಗಳಿಗೆ ಆಗುತ್ತದೆ.

ಒಣಗಿದ ಮಣ್ಣಿಗೆ ಗೊಬ್ಬರದ ದ್ರಾವಣವನ್ನು ಎಂದಿಗೂ ಹಾಕಬಾರದು. ಬೆಳಿಗ್ಗೆ ಮೊದಲು ಸಾದಾ ನೀರು ಕೊಟ್ಟು, ಒಂದೆರಡು ಗಂಟೆ ಬಿಟ್ಟು ದ್ರಾವಣವನ್ನು ಬುಡಕ್ಕೆ ಒತ್ತಿ ಸುರಿಯದೆ ಕುಂಡದ ಅಂಚಿನ ಸುತ್ತ ಹಾಕಬೇಕು. ಹೊಸ ಬೇರಿನ ತುದಿಗಳು ಇರುವುದು ಅಂಚಿನ ಕಡೆಗೇ. ಮಳೆ ಬಿಡುವು ಕೊಟ್ಟ ದಿನವನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಕೊಟ್ಟ ಗೊಬ್ಬರ ತಳದ ರಂಧ್ರದಿಂದ ಹರಿದುಹೋಗುತ್ತದೆ.

ಮುಂದಿನ ಒಂದು ವಾರ ಎಲೆಯ ತುದಿ ಮತ್ತು ಅಂಚುಗಳನ್ನು ಗಮನಿಸಿ. ಅವು ಕಂದಾಗದೆ ಚಿಗುರು ಮುಂದುವರಿದರೆ 15 ದಿನಗಳ ಬಳಿಕ ಲೀಟರಿಗೆ 1 ಗ್ರಾಂ ಪ್ರಮಾಣದಲ್ಲಿ ಎರಡನೆಯ ಬಾರಿ ಕೊಡಬಹುದು. ಅಲ್ಲಿಂದ ಮುಂದೆ ಗಿಡ ಸಾಮಾನ್ಯ ಪೋಷಣೆಯ ಕ್ರಮಕ್ಕೆ ಸೇರಿತೆಂದು ತಿಳಿಯಬಹುದು. ಸಾವಯವ ವಿಧಾನವನ್ನು ಬಯಸುವವರು ಮೊದಲ ಬಾರಿಗೆ ಒಂದು ಹಿಡಿ, ಎಂದರೆ ಸುಮಾರು 50 ಗ್ರಾಂ ಎರೆಹುಳು ಗೊಬ್ಬರವನ್ನು ಅಂಚಿನ ಮಣ್ಣಿನ ಮೇಲೆ ಹರಡಿ ನೀರು ಕೊಡಬಹುದು.

ಮೊದಲ ಗೊಬ್ಬರವಾಗಿ ಡಿಎಪಿ ಬಳಸುವುದು ಸೂಕ್ತವಲ್ಲ. ಅದರ ಹರಳುಗಳು ನಿಧಾನವಾಗಿ ಕರಗುತ್ತ ಸುತ್ತಲಿನ ಬೇರಿಗೆ ಅಮೋನಿಯಾದ ಹಾನಿ ಮಾಡಬಲ್ಲವು. ಮೇಲಾಗಿ ರಂಜಕ ಅತಿಯಾದಾಗ ಗಿಡವು ಕಬ್ಬಿಣ ಮತ್ತು ಸತುವನ್ನು ಬಳಸಿಕೊಳ್ಳಲು ಅಡ್ಡಿಯಾಗುತ್ತದೆ. ಸುಣ್ಣದ ಅಂಶವಿರುವ ಎರೆ ಮಣ್ಣಿನಲ್ಲಿ ಈ ತೊಂದರೆ ಮೊದಲೇ ಇರುತ್ತದೆ, ದಾಸವಾಳವಂತೂ ಇದಕ್ಕೆ ಬಹಳ ಸೂಕ್ಷ್ಮ.

ಹಳದಿ ಎಲೆಯನ್ನು ಓದುವುದು

ಹಳದಿ ಬಣ್ಣವೆಲ್ಲವೂ ಹಸಿವಲ್ಲ. ಕುಂಡ ಬದಲಿಸಿದ ಮೊದಲ ಎರಡು ವಾರಗಳಲ್ಲಿ ಬುಡದ ಕೆಲವು ಎಲೆಗಳು ಮಾತ್ರ ಹಳದಿಯಾದರೆ ಅದು ಸ್ಥಳಾಂತರದ ಪರಿಣಾಮ. ಅಲ್ಲಿ ಮಾಡಬೇಕಾದುದು ಏನೂ ಇಲ್ಲ. ಎಂಟು ವಾರ ಕಳೆದ ಬಳಿಕ ಹಳೆಯ ಎಲೆಗಳು ಒಂದೇ ಸಮನಾಗಿ ಮಸುಕಾಗುತ್ತ ಬೆಳವಣಿಗೆ ನಿಂತಿದ್ದರೆ ಅದು ಸಾರಜನಕದ ಕೊರತೆ. ಅಲ್ಲಿ ಗೊಬ್ಬರ ಬೇಕು. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಯೂರಿಯಾದಿಂದ ಇದು ಸರಿಹೋಗುವುದಿಲ್ಲ. ಮೊದಲು ಕುಂಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು ಪರೀಕ್ಷಿಸಬೇಕು. ಬೇರು ಹಿಡಿದ ಗಿಡವಾದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಮೊದಲು ಒಂದೆರಡು ಎಲೆಗಳ ಮೇಲೆ ಸಿಂಪಡಿಸಿ ಎರಡು ದಿನ ನೋಡಿ ಮುಂದುವರಿಯುವುದು ಉತ್ತಮ.

ಈಗಾಗಲೇ ಗೊಬ್ಬರ ಹಾಕಿದ್ದರೆ

ಅಕಾಲದ ಗೊಬ್ಬರದ ಹಾನಿ ಸಾಮಾನ್ಯವಾಗಿ ಎರಡರಿಂದ ಏಳು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಜೋಲುತ್ತವೆ, ಸಂಜೆ ತಂಪಾದರೂ ಮೇಲೇಳುವುದಿಲ್ಲ. ಎಲೆಯ ತುದಿ ಮತ್ತು ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತವೆ. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿರಬಹುದು. ಸ್ಥಳಾಂತರದಿಂದ ಜೋತ ಗಿಡ ರಾತ್ರಿಯಲ್ಲಿ ಚೇತರಿಸಿಕೊಳ್ಳುತ್ತದೆ, ಗೊಬ್ಬರದಿಂದ ಜೋತದ್ದು ಚೇತರಿಸಿಕೊಳ್ಳುವುದಿಲ್ಲ. ಮುಖ್ಯ ವ್ಯತ್ಯಾಸ ಇದೇ.

ಇಂತಹ ಲಕ್ಷಣ ಕಂಡೊಡನೆ ಮೇಲೆ ಉಳಿದಿರುವ ಗೊಬ್ಬರದ ಹರಳುಗಳನ್ನು ಮೇಲಿನ ಅರ್ಧ ಇಂಚು ಮಣ್ಣಿನೊಂದಿಗೆ ಕೆರೆದು ತೆಗೆಯಬೇಕು. ಬಳಿಕ ಕುಂಡವನ್ನು ನೆರಳಿನಲ್ಲಿ ಇಟ್ಟಿಗೆಗಳ ಮೇಲಿರಿಸಿ, ಕುಂಡದ ಗಾತ್ರದ ಸುಮಾರು ಮೂರು ಪಟ್ಟು ನೀರನ್ನು, ಎಂದರೆ 10 ಇಂಚಿನ ಕುಂಡಕ್ಕೆ 24 ಲೀಟರಿನಷ್ಟು ನೀರನ್ನು, ಒಂದೆರಡು ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಯಿಸಿ ತಳದಿಂದ ಹರಿದುಹೋಗಲು ಬಿಡಬೇಕು. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಬಳಸದೆ ಮಳೆನೀರು ಅಥವಾ ಸಿಹಿನೀರನ್ನೇ ಬಳಸಬೇಕು. ಅನಂತರ ಮೇಲಿನ ಒಂದು ಇಂಚು ಮಣ್ಣು ಒಣಗುವವರೆಗೆ ಮತ್ತೆ ನೀರು ಕೊಡಬಾರದು. ಈ ಉಪಚಾರದಿಂದ ಲವಣ ಹೊರಹೋಗುತ್ತದೆಯೇ ಹೊರತು ಸತ್ತ ಬೇರು ಮರಳಿ ಬರುವುದಿಲ್ಲ. ತುದಿಯ ಕುಡಿ ಹಸಿರಾಗಿ ಉಳಿದಿದ್ದರೆ ಗಿಡ ಹೊಸ ಬೇರು ಬಿಟ್ಟು ಬದುಕುವ ಸಾಧ್ಯತೆ ಇದೆ, ಕಾಂಡವೇ ಮೇಲಿನಿಂದ ಕಪ್ಪಾಗುತ್ತ ಬಂದಿದ್ದರೆ ಉಳಿಯುವುದು ಕಷ್ಟ. ಉಳಿದ ಗಿಡಕ್ಕೆ ಕಾಯುವ ಅವಧಿಯನ್ನು ಉಪಚಾರ ಮಾಡಿದ ದಿನದಿಂದ ಮತ್ತೆ ಮೊದಲಿನಿಂದ ಎಣಿಸಬೇಕು.

ಕುಂಡ ಬದಲಿಸಿದ ದಿನಾಂಕವನ್ನು ಕುಂಡದ ಮೇಲೆ ಬಣ್ಣದಲ್ಲಿ ಬರೆದಿಡುವುದು ಉಪಯುಕ್ತ ಅಭ್ಯಾಸ. ಮನೆಯಲ್ಲಿ ಹತ್ತಾರು ಕುಂಡಗಳಿರುವಾಗ ಯಾವ ಗಿಡವನ್ನು ಎಂದು ಬದಲಿಸಲಾಯಿತು ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ಮೊದಲ ಗೊಬ್ಬರ ಕೊಟ್ಟ ದಿನವನ್ನೂ ಅದರ ಕೆಳಗೆಯೇ ಬರೆದರೆ ಎರಡನೆಯ ಬಾರಿಯ ಲೆಕ್ಕ ತಪ್ಪುವುದಿಲ್ಲ, ಮನೆಯ ಬೇರೊಬ್ಬರು ತಿಳಿಯದೆ ಮತ್ತೊಮ್ಮೆ ಗೊಬ್ಬರ ಹಾಕುವುದೂ ತಪ್ಪುತ್ತದೆ.